ನಿಮ್ಮ ಫ್ಲೆಕ್ಸಿ ಕ್ಯಾಪ್ ಫಂಡ್: ಲಾಭ ಏರಿದ್ದರೂ ಶಾರ್ಪ್ ಇಳಿದದ್ದು ಯಾಕೆ

ಗೌಡ್ರೇ, ನಮಸ್ಕಾರ.

ವಾರ್ಷಿಕ ವರದಿ ನೋಡಿ ನೀವು ಫೋನಿನಲ್ಲಿ ಕೇಳಿದ ಪ್ರಶ್ನೆ ಸರಿಯಾಗಿಯೇ ಇದೆ. ಹೋದ ವರ್ಷ ಈ ಫಂಡ್ 14.2% ಕೊಟ್ಟಿತ್ತು, ಈ ವರ್ಷ 17.6% ಕೊಟ್ಟಿದೆ. ಹಾಗಿದ್ದರೂ ಶಾರ್ಪ್ ಅನುಪಾತದ ಸಾಲಿನಲ್ಲಿ 0.73 ಇದ್ದದ್ದು 0.60ಕ್ಕೆ ಇಳಿದಿದೆ, ಅದರ ಮುಂದೆ ನಾನು ಕೆಂಪು ಗುರುತನ್ನೂ ಹಾಕಿದ್ದೇನೆ. ಫೋನಿನಲ್ಲಿ ಅವಸರದಲ್ಲಿ ಹೇಳುವ ವಿಷಯ ಇದಲ್ಲ. ಅದಕ್ಕೇ ಲೆಕ್ಕ ಸಮೇತ ಬರೆಯುತ್ತಿದ್ದೇನೆ.

ಶಾರ್ಪ್ ಕೇಳುವುದು ಒಂದೇ ಪ್ರಶ್ನೆ: ನೀವು ಹೊತ್ತ ಒಂದೊಂದು ಪಾಲು ಏರಿಳಿತಕ್ಕೆ ಎಷ್ಟು ಕೂಲಿ ಸಿಕ್ಕಿತು? ವಿಲಿಯಂ ಶಾರ್ಪ್ 1966ರಲ್ಲಿ ಈ ಅಳತೆ ಕೊಟ್ಟರು. ಲೆಕ್ಕ ಸುಲಭ. ಫಂಡಿನ ಲಾಭದಿಂದ, ಅಪಾಯವಿಲ್ಲದೆ ಸಿಗುತ್ತಿದ್ದ ಬಡ್ಡಿಯನ್ನು ಕಳೆಯಬೇಕು. ಉಳಿದದ್ದನ್ನು ಏರಿಳಿತದಿಂದ, ಅಂದರೆ ಲಾಭ ತನ್ನ ಸರಾಸರಿಯಿಂದ ಶೇಕಡಾ ಎಷ್ಟು ಆಚೀಚೆ ಹೋಗುತ್ತದೆ ಎಂಬ ಅಳತೆಯಿಂದ, ಭಾಗಿಸಬೇಕು. ಆ ಬಡ್ಡಿಯನ್ನು ಎರಡೂ ವರ್ಷ 6.5% ಎಂದೇ ಹಿಡಿದಿದ್ದೇನೆ.

ಹೋದ ವರ್ಷ 14.2ರಲ್ಲಿ 6.5 ಕಳೆದರೆ 7.7. ಏರಿಳಿತ 10.5. ಭಾಗಿಸಿದರೆ 0.73. ಈ ವರ್ಷ 17.6ರಲ್ಲಿ 6.5 ಕಳೆದರೆ 11.1. ಏರಿಳಿತ 18.5. ಭಾಗಿಸಿದರೆ 0.60. ಬಡ್ಡಿಗಿಂತ ಮೇಲೆ ಬಂದ ಲಾಭ ಸುಮಾರು ಒಂದೂವರೆ ಪಟ್ಟು ಆಯಿತು, ನಿಜ. ಆದರೆ ಏರಿಳಿತ ಒಂದೂಮುಕ್ಕಾಲು ಪಟ್ಟು ಆಯಿತು. ಹೋದ ವರ್ಷದ ದರದಲ್ಲೇ ಕೂಲಿ ಸಿಕ್ಕಿದ್ದರೆ, ಇಷ್ಟು ಅಪಾಯಕ್ಕೆ ಫಂಡ್ ಸುಮಾರು 20% ಕೊಡಬೇಕಿತ್ತು.

ಇದನ್ನೇ ರೂಪಾಯಿಯಲ್ಲಿ ನೋಡೋಣ. ಲೆಕ್ಕಕ್ಕೆ ಎರಡೂ ವರ್ಷದ ಆರಂಭದಲ್ಲಿ 40 ಲಕ್ಷ ಇತ್ತು ಎಂದುಕೊಳ್ಳಿ. ಹೋದ ವರ್ಷ ಬಂದದ್ದು 5 ಲಕ್ಷ 68 ಸಾವಿರ. ಈ ವರ್ಷ 7 ಲಕ್ಷ 4 ಸಾವಿರ. ಈಗ ಈ ವರ್ಷವೂ ನಿಮಗೆ ಹೋದ ವರ್ಷದಷ್ಟೇ ಏರಿಳಿತ ಸಾಕು ಅನ್ನಿಸಿತ್ತು ಅಂತಿಟ್ಟುಕೊಳ್ಳಿ. ಆಗ 22 ಲಕ್ಷ 70 ಸಾವಿರವನ್ನು ಮಾತ್ರ ಈ ಫಂಡಿನಲ್ಲಿಟ್ಟು, ಉಳಿದ 17 ಲಕ್ಷ 30 ಸಾವಿರವನ್ನು ಲಿಕ್ವಿಡ್ ಫಂಡಿನಲ್ಲಿ 6.5%ಗೆ ಇಡಬೇಕಾಗುತ್ತಿತ್ತು. ಎರಡೂ ಸೇರಿ ಬರುತ್ತಿದ್ದದ್ದು 5 ಲಕ್ಷ 12 ಸಾವಿರ, ಅಂದರೆ 12.8%. ಒಂದೇ ತಕ್ಕಡಿಯಲ್ಲಿ ತೂಗಿದಾಗ ಈ ವರ್ಷ 56 ಸಾವಿರ ಕಡಿಮೆ. ವರದಿಯ ಮೊದಲ ಪುಟದ 17.6 ಇದನ್ನು ತೋರಿಸುವುದಿಲ್ಲ.

ಏರಿಳಿತ ಇಷ್ಟು ಯಾಕೆ ಹೆಚ್ಚಿತು? ಸ್ವಲ್ಪ ಮಾರುಕಟ್ಟೆಯದೇ ಪಾಲು. ಫಂಡ್ ತನ್ನನ್ನು ಹೋಲಿಸಿಕೊಳ್ಳುವ ಸೂಚ್ಯಂಕದ ಏರಿಳಿತವೂ 11ರಿಂದ 13.5ಕ್ಕೆ ಹೋಯಿತು. ಆದರೆ ಫಂಡಿನದು 10.5ರಿಂದ 18.5. ಈ ದೊಡ್ಡ ಅಂತರ ಫಂಡ್ ಮ್ಯಾನೇಜರ್ ತೆಗೆದುಕೊಂಡ ತೀರ್ಮಾನದಿಂದ ಬಂದದ್ದು. ತಿಂಗಳ ಪಟ್ಟಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಸ್ಮಾಲ್ ಕ್ಯಾಪ್ ಷೇರುಗಳ ಪಾಲು 12% ಇದ್ದದ್ದು 31% ಆಗಿದೆ. ಕೈಯಲ್ಲಿ ನಗದು 8% ಇಟ್ಟುಕೊಳ್ಳುತ್ತಿದ್ದವರು 2%ಗೆ ಇಳಿಸಿದ್ದಾರೆ. ಇದರಲ್ಲಿ ನಿಯಮ ಮೀರಿದ್ದೇನೂ ಇಲ್ಲ. ಫ್ಲೆಕ್ಸಿ ಕ್ಯಾಪ್ ಫಂಡ್ ಕನಿಷ್ಠ 65% ಷೇರಿನಲ್ಲಿ ಇಟ್ಟರೆ ಸಾಕು; ದೊಡ್ಡ ಕಂಪನಿಯೋ ಸಣ್ಣ ಕಂಪನಿಯೋ ಅನ್ನುವುದು ಮ್ಯಾನೇಜರ್ ಇಷ್ಟ. ಆದರೆ ನೀವು ಮೂರು ವರ್ಷದ ಹಿಂದೆ ಆರಿಸಿಕೊಂಡ ಫಂಡಿನ ಗುಣ ಇದಾಗಿರಲಿಲ್ಲ, ಅಲ್ವಾ? ನನಗೆ ಚಿಂತೆ ಹಚ್ಚಿದ್ದು ಇದೇ.

ಸೂಚ್ಯಂಕದ ಜೊತೆ ಹೋಲಿಸಿದಾಗ ವಿಷಯ ಇನ್ನೂ ಸ್ಪಷ್ಟ. ಬರೀ ಲಾಭದಲ್ಲಿ ಫಂಡ್ ಎರಡೂ ವರ್ಷ ಮುಂದಿದೆ: ಹೋದ ವರ್ಷ ಸೂಚ್ಯಂಕ 12.9%, ಈ ವರ್ಷ 15.1%. ಆದರೆ ಶಾರ್ಪ್‌ನಲ್ಲಿ ಹೋದ ವರ್ಷ ಫಂಡ್ 0.73, ಸೂಚ್ಯಂಕ 0.58. ಈ ವರ್ಷ ಫಂಡ್ 0.60, ಸೂಚ್ಯಂಕ 0.64. ಸುಮ್ನೆ ಇಂಡೆಕ್ಸ್ ಫಂಡಿನಲ್ಲಿ ಇಟ್ಟು ಕೂತವರಿಗೆ ಅಪಾಯಕ್ಕೆ ತಕ್ಕ ಕೂಲಿ ಈ ಸಲ ನಿಮಗಿಂತ ಜಾಸ್ತಿ ಸಿಕ್ಕಿದೆ. ಮ್ಯಾನೇಜರ್‌ಗೆ ನಾವು ಶುಲ್ಕ ಕೊಡುವುದು ಇದಕ್ಕಲ್ಲ.

ಒಂದು ತಕರಾರು ನೀವು ಎತ್ತಬಹುದು. ಶಾರ್ಪ್ ಮೇಲಕ್ಕೆ ಜಿಗಿದದ್ದನ್ನೂ ಏರಿಳಿತ ಎಂದೇ ಎಣಿಸುತ್ತದೆ. ಲಾಭದ ಜಿಗಿತಕ್ಕೆ ಯಾರಾದರೂ ದಂಡ ಹಾಕುತ್ತಾರಾ? ನ್ಯಾಯವಾದ ಮಾತು. ಅದಕ್ಕಾಗಿ ಇಳಿತವನ್ನಷ್ಟೇ ಎಣಿಸುವ ಸಾರ್ಟಿನೊ ಅನುಪಾತವನ್ನೂ ತೆಗೆದು ನೋಡಿದೆ. ಅದು 1.20ರಿಂದ 0.88ಕ್ಕೆ ಬಂದಿದೆ. ಅಂದರೆ ತೊಂದರೆ ಇರುವುದು ಇಳಿತದಲ್ಲೇ.

ಒಂದು ವರ್ಷದ ಅಂಕಿ ನೋಡಿ ಫಂಡಿನ ಹಣೆಬರಹ ಬರೆಯಬಾರದು, ಅದೂ ಗೊತ್ತು. ಫ್ಯಾಕ್ಟ್‌ಶೀಟಿನಲ್ಲಿ ನಿಮಗೆ ಕಾಣುವ ಶಾರ್ಪ್ ಮೂರು ವರ್ಷದ ತಿಂಗಳ ಲೆಕ್ಕದ್ದು. ಹಳೆಯ ಶಾಂತ ತಿಂಗಳುಗಳು ಅದರಲ್ಲಿ ಇನ್ನೂ ಇರುವುದರಿಂದ ಅದು ಈಗಲೂ ಚೆನ್ನಾಗಿಯೇ ಕಾಣುತ್ತದೆ. ನಾನು ಹಾಕಿದ್ದು ಒಂದೊಂದು ವರ್ಷದ ದಿನದಿನದ ಎನ್‌ಎವಿ ಮೇಲಿನ ಲೆಕ್ಕ. ಎರಡೂ ಹೊಂದದಿದ್ದರೆ ಗಾಬರಿಯಾಗಬೇಡಿ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಫೆಬ್ರವರಿಯಲ್ಲಿ ದ್ರಾಕ್ಷಿ ಕಟಾವು ಶುರುವಾಗುವಾಗ ನಿಮಗೆ 15 ಲಕ್ಷ ಬೇಕು. ಕೂಲಿ ಇದೆ, ಒಣಗಿಸುವ ಶೆಡ್ಡಿನ ಕೆಲಸ ಇದೆ, ಒಣದ್ರಾಕ್ಷಿಗೆ ದರ ಬರುವ ತನಕ ಕೋಲ್ಡ್ ಸ್ಟೋರೇಜ್ ಬಾಡಿಗೆ ಇದೆ. ಆ ತಾರೀಖು ಮಾರುಕಟ್ಟೆಯನ್ನು ಕೇಳಿ ಬರುವುದಿಲ್ಲ. ಈ ವರ್ಷದ ಮಧ್ಯದಲ್ಲಿ ಫಂಡ್ ತನ್ನ ಶಿಖರದಿಂದ 19% ಬಿದ್ದಿತ್ತು. ಹೋದ ವರ್ಷದ ದೊಡ್ಡ ಇಳಿತ 7% ಮಾತ್ರ. 40 ಲಕ್ಷ ಇದ್ದದ್ದು 32 ಲಕ್ಷ 40 ಸಾವಿರ ಆಗಿದ್ದಾಗಲೇ ನೀವು 15 ಲಕ್ಷ ತೆಗೆದಿದ್ದರೆ ಉಳಿಯುತ್ತಿದ್ದದ್ದು 17 ಲಕ್ಷ 40 ಸಾವಿರ. ಫಂಡ್ ಪೂರ್ತಿ ಚೇತರಿಸಿಕೊಂಡ ಮೇಲೂ ಅದು 21 ಲಕ್ಷ 48 ಸಾವಿರಕ್ಕೆ ನಿಲ್ಲುತ್ತಿತ್ತು. ಶಿಖರದಲ್ಲೇ ತೆಗೆದಿದ್ದರೆ 25 ಲಕ್ಷ ಇರುತ್ತಿತ್ತು. ಮೂರೂವರೆ ಲಕ್ಷ ಹೋಯಿತು, ಮತ್ತೆ ಬರುವುದಿಲ್ಲ. ವರ್ಷದ ಕೊನೆಗೆ ಫಂಡಿನ ಲಾಭ ಮಾತ್ರ ಅದೇ 17.6% ಎಂದೇ ತೋರಿಸುತ್ತಿತ್ತು.

ಹಾಗಾಗಿ ನನ್ನ ಸಲಹೆ ಇದು. ಫಂಡ್ ಪೂರ್ತಿ ಮಾರಬೇಡಿ. ಫೆಬ್ರವರಿಯ 15 ಲಕ್ಷವನ್ನು ಮಾತ್ರ ಈಗಲೇ ತೆಗೆದು ಲಿಕ್ವಿಡ್ ಫಂಡಿಗೆ ಹಾಕೋಣ. ಮಾರುವಾಗ ಹಳೆಯ ಯೂನಿಟ್‌ಗಳೇ ಮೊದಲು ಹೋಗುತ್ತವೆ. ನಿಮ್ಮವು ಒಂದು ವರ್ಷ ದಾಟಿವೆ, ಹಾಗಾಗಿ ಎಕ್ಸಿಟ್ ಲೋಡ್ ಬೀಳುವುದಿಲ್ಲ. ಇಡೀ ವರ್ಷದ ದೀರ್ಘಾವಧಿ ಲಾಭದಲ್ಲಿ 1.25 ಲಕ್ಷ ಮೀರಿದ ಭಾಗಕ್ಕೆ 12.5% ತೆರಿಗೆ ಬೀಳುತ್ತದೆ. ಬೇರೆ ಷೇರು ಏನಾದರೂ ಈ ವರ್ಷ ಮಾರಿದ್ದರೆ ನಿಮ್ಮ ಸಿಎಗೆ ಮೊದಲೇ ತಿಳಿಸಿ.

ಉಳಿದ ದುಡ್ಡಿನ ಬಗ್ಗೆ ಎರಡು ತ್ರೈಮಾಸಿಕ ಕಾಯೋಣ. ಸ್ಮಾಲ್ ಕ್ಯಾಪ್ ಪಾಲು 20%ಗಿಂತ ಕೆಳಗೆ ಬಂದರೆ ಮುಂದುವರಿಸುವುದು. ಬರದಿದ್ದರೆ ಅರ್ಧವನ್ನು ಇಂಡೆಕ್ಸ್ ಫಂಡಿಗೆ ಸರಿಸುವುದು ನನಗೆ ಸರಿ ಕಾಣುತ್ತದೆ. ಎಸ್‌ಐಪಿ ನಿಲ್ಲಿಸುವುದು ಬೇಡ.

ಈ ಪತ್ರವನ್ನು ಅಕ್ಕಾವ್ರಿಗೂ ತೋರಿಸಿ. ಖಾತೆ ಇಬ್ಬರ ಹೆಸರಿನಲ್ಲಿದೆ, ಇಬ್ಬರೂ ಒಪ್ಪಬೇಕು. ಗುರುವಾರ ವಿಜಯಪುರಕ್ಕೆ ಬರುತ್ತಿದ್ದೇನೆ. ಸಹಿ ಮಾಡುವ ಫಾರಂ ತರುತ್ತೇನೆ. ಅಷ್ಟರೊಳಗೆ ಫೆಬ್ರವರಿಯ ಖರ್ಚು 15 ಲಕ್ಷದಲ್ಲಿ ಮುಗಿಯುತ್ತದೋ, ಇನ್ನೂ ಜಾಸ್ತಿ ಬೇಕೋ ಲೆಕ್ಕ ಹಾಕಿಡಿ.

ಇಂತಿ,
ಸವಿತಾ
ಹೂಡಿಕೆ ವಿಶ್ಲೇಷಕಿ, ಟಿಳಕವಾಡಿ, ಬೆಳಗಾವಿ