ಎಚ್‌ಐವಿ ಪರೀಕ್ಷೆಗೆ ಬಂದವರೊಡನೆ ಮಾತು: ನಮ್ಮ ಐಸಿಟಿಸಿಯ ಆಪ್ತಸಮಾಲೋಚನೆ ರೂಪರೇಖೆ

ಬಾಗಲಕೋಟೆ ಜಿಲ್ಲೆಯ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಆಪ್ತಸಮಾಲೋಚನೆಗೆ ಕೂರುವವರಿಗಾಗಿ, ನಾವು ರಜೆಯಲ್ಲಿದ್ದಾಗ ಕೂರುವ ಸ್ಟಾಫ್ ನರ್ಸ್‌ಗಾಗಿ ಇದನ್ನು ಬರೆದಿದ್ದೇನೆ. ಬಂದವರ ಮುಂದೆ ಹಿಡಿದು ಓದಬೇಡಿ. ಎರಡು ಸಲ ಓದಿ, ಮೇಜಿನ ಖಾನೆಯಲ್ಲಿಟ್ಟು, ಅವರ ಮುಖ ನೋಡಿ ಮಾತಾಡಿ.

ಕೋಣೆಗೆ ಬರುವ ಮುನ್ನ

ಹೊರಗೆ ಬೆಂಚಿನ ಮೇಲೆ ಕೂತವರನ್ನು ಹೆಸರು ಹಿಡಿದು ಕೂಗಬಾರದು. ಟೋಕನ್ ಸಂಖ್ಯೆ ಸಾಕು. ಬಾಗಿಲು ಮುಚ್ಚಿರಲಿ, ಆದರೆ ಒಳಗಿಂದ ಚಿಲಕ ಬೇಡ. ರಜಿಸ್ಟರ್ ತೆರೆದು ಮೇಜಿನ ಮೇಲಿಟ್ಟರೆ ಬಂದವರು ತಲೆಕೆಳಗಾದ ಅಕ್ಷರದಲ್ಲೇ ಹಿಂದಿನವರ ಹೆಸರು ಓದುತ್ತಾರೆ, ಮರುಕ್ಷಣವೇ ತಮ್ಮ ಹೆಸರನ್ನೂ ಹೀಗೇ ಯಾರಾದರೂ ಓದುತ್ತಾರೆ ಎಂದು ತಿಳಿಯುತ್ತಾರೆ. ಅಲ್ಲಿಗೆ ಮಾತು ಮುಗಿದಂತೆ.

ಗಂಡ, ಅತ್ತೆ, ಅಣ್ಣ, ಆಶಾ ಕಾರ್ಯಕರ್ತೆ, ಯಾರೇ ಜೊತೆಗೆ ಬಂದಿರಲಿ, ಮೊದಲ ಹತ್ತು ನಿಮಿಷ ಒಬ್ಬರೇ. "ಎಲ್ಲಾರಿಗೂ ಇದೇ ಪದ್ಧತಿ ಐತ್ರಿ, ಸ್ವಲ್ಪ ಹೊರಗ ಕುಂದರ್ರಿ" ಎಂದು ಜೊತೆಗಾರರಿಗೆ ನಾವೇ ಹೇಳಬೇಕು. ಆ ಭಾರವನ್ನು ಬಂದವರ ಮೇಲೆ ಹಾಕಬೇಡಿ.

ಪರೀಕ್ಷೆಗೆ ಮುನ್ನ

ಹೀಗೆ ಶುರು ಮಾಡಿ: "ಬರ್ರಿ ಅಣ್ಣಾರ, ಕುಂದರ್ರಿ. ನೀವು ಇಲ್ಲಿ ಹೇಳೂದು ನನಗ ಗೊತ್ತಿರ್ತದ. ರಿಪೋರ್ಟ್ ಲ್ಯಾಬಿನವರಿಗೆ, ಉಪಚಾರ ಮಾಡೋ ಡಾಕ್ಟರಿಗೆ ಗೊತ್ತಾಗ್ತದ. ಮನಿಯವರಿಗೆ, ಊರಾಗ, ಕೆಲಸದ ಕಡೆ ನಾವು ಹೇಳಂಗಿಲ್ಲ."

'ಯಾರಿಗೂ ಗೊತ್ತಾಗಲ್ಲ' ಎಂಬ ಮಾತು ಬೇಡ. ನಾಳೆ ವೈದ್ಯರು ರಿಪೋರ್ಟ್ ಹಿಡಿದು ಮಾತಾಡಿಸಿದರೆ ನಾವು ಸುಳ್ಳುಗಾರರಾಗುತ್ತೇವೆ. ಯಾರ್ಯಾರಿಗೆ ತಿಳಿಯುತ್ತದೆ ಎಂದು ಮೊದಲೇ ಎಣಿಸಿ ಹೇಳಿದರೆ ಜನ ನಂಬುತ್ತಾರೆ.

ಒಪ್ಪಿಗೆ ಕೇಳುವುದು ಸಹಿಗಾಗಿ ಅಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ತಿಳಿವಳಿಕೆಯ ಒಪ್ಪಿಗೆ ಬೇಕು, ಪರೀಕ್ಷೆ ಮಾಡಿಸಿದರೆ ಮಾತ್ರ ಚಿಕಿತ್ಸೆ ಎಂದು ಯಾರೂ ಷರತ್ತು ಹಾಕುವಂತಿಲ್ಲ. "ಬ್ಯಾಡ ಅಂದ್ರೂ ನಿಮ್ಮ ಉಪಚಾರ ನಿಲ್ಲಂಗಿಲ್ರಿ" ಎಂದು ಬಾಯಿಬಿಟ್ಟು ಹೇಳಿ. ಹೆರಿಗೆಗೆ ಬಂದ ಹೆಣ್ಣುಮಕ್ಕಳಿಗಂತೂ ಇದನ್ನು ತಪ್ಪದೆ ಹೇಳಬೇಕು. ರಕ್ತ ತೆಗೆಸಿಕೊಳ್ಳುವುದಷ್ಟೇ ತಮ್ಮ ಕೆಲಸ ಎಂದು ಅವರು ಸುಮ್ಮನೆ ತೋಳು ಚಾಚುತ್ತಾರೆ.

ಅಪಾಯದ ಬಗ್ಗೆ ಕೇಳುವಾಗ 'ತಪ್ಪು', 'ಕೆಟ್ಟ ಸಹವಾಸ' ಎಂಬ ಪದಗಳು ಬಾಯಿಗೆ ಬರಬಾರದು. ಗೋವಾಕ್ಕೋ ಪುಣೆಗೋ ದುಡಿಯಲು ಹೋದವರನ್ನು "ಅಲ್ಲಿ ಏನು ಮಾಡಿದ್ರಿ" ಎನ್ನಬೇಡಿ. "ನಿರೋಧ್ ಇಲ್ಲದ ಸಂಬಂಧ ಯಾವಾಗರ ಆಗಿತ್ತೇನ್ರಿ? ಕಡೀ ಸಲ ಯಾವಾಗ?" ಎಂದು ನೇರವಾಗಿ ಕೇಳಿ. ಆಗಿ 72 ಗಂಟೆ ದಾಟಿಲ್ಲದಿದ್ದರೆ ಮಾತು ಮುಂದುವರಿಸುತ್ತ ಕೂರದೆ ತಕ್ಷಣ ವೈದ್ಯರ ಬಳಿ ಕಳಿಸಿ. ತಡೆ ಔಷಧಿ ಬೇಕೇ ಎಂದು ಅವರು ನಿರ್ಧರಿಸುತ್ತಾರೆ. ಆ ವಿಷಯದಲ್ಲಿ ಒಂದೊಂದು ಗಂಟೆಗೂ ಬೆಲೆಯಿದೆ.

ಫಲಿತಾಂಶ: ಎಚ್‌ಐವಿ ಇಲ್ಲ

ಇತ್ತೀಚೆಗೆ ಅಪಾಯ ಆಗಿದ್ದರೆ ಮೂರು ತಿಂಗಳು ತುಂಬಿದ ಮೇಲೆ ಮತ್ತೊಮ್ಮೆ ಪರೀಕ್ಷೆ. ದಿನಾಂಕ ಬರೆದುಕೊಡಿ. ನಿರೋಧ್ ಕೊಡಿ, ಹಾಕುವ ಬಗೆ ತೋರಿಸಿ. ಇವರ ಗುಟ್ಟೂ ಗುಟ್ಟೇ. ಪರೀಕ್ಷೆಗೆ ಬಂದಿದ್ದರು ಎಂಬುದೇ ಊರಿನ ಬಾಯಿಗೆ ಸಾಕು.

ಫಲಿತಾಂಶ: ಎಚ್‌ಐವಿ ಇದೆ

ಕೈಗೆ ಚೀಟಿ ಕೊಟ್ಟು ಕಳಿಸುವಂತಿಲ್ಲ, ಫೋನಿನಲ್ಲಿ ಹೇಳುವಂತಿಲ್ಲ, ವಾಟ್ಸಾಪ್ ಅಂತೂ ಇಲ್ಲವೇ ಇಲ್ಲ.

"ಅಕ್ಕಾರ, ಮೂರು ಬ್ಯಾರೆ ಬ್ಯಾರೆ ಕಿಟ್‌ನಾಗ ನೋಡೇವ್ರಿ. ನಿಮ್ಮ ರಕ್ತದಾಗ ಎಚ್‌ಐವಿ ಐತಿ." ಇಷ್ಟು ಹೇಳಿ ಸುಮ್ಮನಾಗಿ. ಆ ಮೌನ ನಮಗೆ ಕಷ್ಟ, ಏನಾದರೂ ತುಂಬಿಬಿಡೋಣ ಅನಿಸುತ್ತದೆ. ತುಂಬಬೇಡಿ. ಅಳಲಿ, ಬೈಯಲಿ, ಗೋಡೆ ನೋಡುತ್ತ ಕೂರಲಿ. ನೀರು ಕೊಡಿ. ಮೊದಲ ಪ್ರಶ್ನೆ ಅವರಿಂದಲೇ ಬರಲಿ. "ನಾನು ಸಾಯ್ತೀನೇನ್ರಿ?" ಅಥವಾ "ನನ್ನ ಮಕ್ಕಳಿಗೆ?" ಇವೆರಡರಲ್ಲಿ ಒಂದು ಬಂದೇ ಬರುತ್ತದೆ.

ಮೊದಲನೆಯದಕ್ಕೆ: "ಗುಳಿಗಿ ದಿನಾ ತಗೊಂಡ್ರ ಎಲ್ಲಾರಂಗ ದುಡದು, ಬಾಳೇವು ಮಾಡಿ, ಮುಪ್ಪಾಗತನ ಇರಬಹುದ್ರಿ." ಎರಡನೆಯದಕ್ಕೆ: ಮಕ್ಕಳಿಗೂ ಪರೀಕ್ಷೆ ಮಾಡೋಣ. ಗರ್ಭಿಣಿಯಾದರೆ, ತಾಯಿ ಗುಳಿಗೆ ತಪ್ಪಿಸದೆ, ಹೆರಿಗೆ ಆಸ್ಪತ್ರೆಯಲ್ಲೇ ಆಗಿ, ಕೂಸಿಗೆ ಸಿರಪ್ ಕೊಟ್ಟರೆ, ಕೂಸಿಗೆ ಸೋಂಕು ತಗಲುವ ಸಂಭವ ಬಹಳ ಕಡಿಮೆ. ಆರನೇ ವಾರಕ್ಕೆ ಕೂಸಿನ ಮೊದಲ ಪರೀಕ್ಷೆ.

ಜೀವ ಕಳೆದುಕೊಳ್ಳುವ ಯೋಚನೆ ಇದೆಯೇ ಎಂದು ಕೇಳಲು ಅಂಜಬೇಡಿ. ಕೇಳಿದ್ದಕ್ಕೆ ಆ ಯೋಚನೆ ಹುಟ್ಟುವುದಿಲ್ಲ, ಇದ್ದದ್ದು ಹೊರಗೆ ಬರುತ್ತದೆ. ಇದ್ದರೆ ಒಬ್ಬರನ್ನೇ ಕಳಿಸಬೇಡಿ, ಅಂದೇ ವೈದ್ಯರಿಗೆ ತೋರಿಸಿ.

ಗಂಡ ಹೆಂಡತಿಗೆ ಹೇಳುವ ವಿಷಯ

ಹೇಳಬೇಕಾದವರು ಅವರು, ನಾವಲ್ಲ. ಬೇಕಾದರೆ ಇಬ್ಬರನ್ನೂ ಕೂರಿಸಿಕೊಂಡು ಹೇಳಲು ನೆರವಾಗುತ್ತೇವೆ ಎನ್ನಿ. ಸಂಗಾತಿಗೆ ನಿಜವಾದ ಅಪಾಯವಿದ್ದು, ಎಷ್ಟು ತಿಳಿಹೇಳಿದರೂ ಅವರು ಹೇಳದಿದ್ದಾಗ ಮಾತ್ರ, ನಾವು ಹೇಳಲಿದ್ದೇವೆ ಎಂದು ಅವರಿಗೆ ತಿಳಿಸಿಯೇ ಮುಂದುವರಿಯಲು ಕಾಯ್ದೆಯಲ್ಲಿ ದಾರಿಯಿದೆ. ಹೆಣ್ಣುಮಗಳಿಗೆ ಹೊಡೆತ ಬೀಳುವ, ಮನೆಯಿಂದ ಹೊರಹಾಕುವ ಭಯವಿದ್ದರೆ ಆ ದಾರಿಯೂ ಇಲ್ಲ. ಒಬ್ಬರೇ ನಿರ್ಧರಿಸದೆ ವೈದ್ಯರೊಡನೆ ಕೂತು ಮಾತಾಡಿ.

ನಾನು ಮೊದಲು ಕೆಲಸ ಮಾಡಿದ ಒಂದು ಕಡೆ, ಸಹಾಯ ಮಾಡುವ ಒಳ್ಳೆಯ ಮನಸ್ಸಿನಿಂದಲೇ ಒಬ್ಬರು ಅತ್ತೆಯ ಕಿವಿಗೆ ವಿಷಯ ಹಾಕಿದರು. ಆ ಸೊಸೆ ತವರಿಗೆ ಹೋದಳು, ಗುಳಿಗೆಗೆ ಮತ್ತೆ ಬರಲಿಲ್ಲ. ಅಂದಿನಿಂದ ನನಗೆ ಗುಟ್ಟು ಕಾಯುವುದೂ ಗುಳಿಗೆ ಕೊಡುವಷ್ಟೇ ಚಿಕಿತ್ಸೆ.

ಗುಳಿಗೆ ಶುರುವಾಗುವಾಗ

ಸಿಡಿ4 ಎಷ್ಟೇ ಇರಲಿ, ಚಿಕಿತ್ಸೆ ಎಲ್ಲರಿಗೂ ಉಂಟು, ಉಚಿತ. ಮೊದಲು ಕೆಮ್ಮು, ಜ್ವರ, ತೂಕ ಇಳಿತ, ರಾತ್ರಿ ಬೆವರು ಕೇಳಿ. ಒಂದಿದ್ದರೂ ಕ್ಷಯದ ತಪಾಸಣೆ ಆಗಬೇಕು. ಎಆರ್‌ಟಿ ಕೇಂದ್ರಕ್ಕೆ ಚೀಟಿ ಕೊಟ್ಟು ಕಳಿಸಿದರೆ ಕೆಲವರು ದಾರಿಯಲ್ಲೇ ಕಳೆದುಹೋಗುತ್ತಾರೆ. ಅಲ್ಲಿ ಯಾರನ್ನು ಕಾಣಬೇಕು, ಯಾವ ವಾರ ಹೋಗುತ್ತಾರೆ ಎಂದು ಕೂತಲ್ಲೇ ಗೊತ್ತುಮಾಡಿ.

ಹೆಚ್ಚಿನವರಿಗೆ ದಿನಕ್ಕೆ ಒಂದೇ ಗುಳಿಗೆ. ಮೊದಲ ವಾರಗಳಲ್ಲಿ ತಲೆನೋವು, ವಾಕರಿಕೆ, ನಿದ್ದೆಗೇಡು ಇರಬಹುದು, ಅದಕ್ಕೆ ಗುಳಿಗೆ ಬಿಡದೆ ಬಂದು ಹೇಳಲಿ. ಕಬ್ಬಿಣದ ಅಥವಾ ಕ್ಯಾಲ್ಸಿಯಂ ಗುಳಿಗೆ ನುಂಗುವ ಗರ್ಭಿಣಿಯರು ಎರಡನ್ನೂ ಖಾಲಿ ಹೊಟ್ಟೆಯಲ್ಲಿ ಒಟ್ಟಿಗೆ ನುಂಗಬಾರದು. ಹೊತ್ತು ಹೇಗೆ ಹಂಚಬೇಕೆಂದು ಡಾಕ್ಟರರಿಂದ ಬರೆಸಿಕೊಡಿ. ಮರೆತರೆ ನೆನಪಾದ ಕೂಡಲೇ ಒಂದು, ಮರುದಿನ ಎರಡು ಬೇಡ.

"ಗುಳಿಗಿ ಮನ್ಯಾಗ ಎಲ್ಲಿ ಇಡ್ತೀರಿ?" ಇದನ್ನು ಕೇಳದೆ ಯಾರನ್ನೂ ಕಳಿಸಬೇಡಿ. ಟ್ರಂಕಿನಲ್ಲೋ, ಜೋಳದ ಡಬ್ಬಿಯ ಹಿಂದೋ, ಜಾಗ ಅವರೇ ಹೇಳಲಿ. ಮೊಬೈಲ್ ಅಲಾರಂ ಹಚ್ಚಿದರೆ ಅದಕ್ಕೆ 'ಹಾಲು' ಎಂದೋ 'ಧಾರಾವಾಹಿ' ಎಂದೋ ಹೆಸರಿಡಲಿ. ಕಬ್ಬು ಕಡಿಯಲು, ಗೌಂಡಿ ಕೆಲಸಕ್ಕೆ ಹೊರಡುವವರು ಮೊದಲೇ ತಿಳಿಸಿದರೆ ಹೋದ ಊರಿನ ಎಆರ್‌ಟಿ ಕೇಂದ್ರದಲ್ಲಿ ಗುಳಿಗೆ ಸಿಗುವಂತೆ ಮಾಡಬಹುದು.

ಆರು ತಿಂಗಳಿಗೆ ವೈರಲ್ ಲೋಡ್ ಪರೀಕ್ಷೆ. ವೈರಸ್ ಕಾಣದಷ್ಟು ಇಳಿದು ಹಾಗೇ ಉಳಿದರೆ ಲೈಂಗಿಕ ಸಂಬಂಧದಿಂದ ಸಂಗಾತಿಗೆ ಹರಡುವುದಿಲ್ಲ. ಈ ಮಾತು ಕೇಳಿ ಎಷ್ಟೋ ಗಂಡಸರು ಮೊದಲ ಬಾರಿ ತಲೆಯೆತ್ತಿ ನೋಡಿದ್ದಾರೆ, ಮರೆಯದೆ ಹೇಳಿ.

ಬರದೇ ಹೋದರೆ

ಫೋನ್ ಮಾಡಬಹುದೇ, ಯಾವ ನಂಬರಿಗೆ, ಯಾವ ಹೊತ್ತಿಗೆ ಎಂದು ಮೊದಲ ದಿನವೇ ಕೇಳಿ ಬರೆದುಕೊಂಡಿರಬೇಕು. ಬೇರೆಯವರು ಎತ್ತಿದರೆ ಆಸ್ಪತ್ರೆ ಹೆಸರಾಗಲಿ ವಿಷಯವಾಗಲಿ ಎತ್ತದೆ, "ಆಮ್ಯಾಲೆ ಮಾಡ್ತೀನ್ರಿ" ಎಂದು ಇಡಿ. ಅವರೇ ಎತ್ತಿದರೆ "ಯಾಕ ಬಂದಿಲ್ಲ" ಎನ್ನಬೇಡಿ. "ಆರಾಮ ಅದೀರೇನ್ರಿ? ಏನರ ತ್ರಾಸ ಆಗೈತೇನು?" ಎಂದು ಕೇಳಿ. ಎಷ್ಟು ದಿನ ಬಿಟ್ಟಿದ್ದರೂ ಮತ್ತೆ ಶುರು ಮಾಡಬಹುದು ಎನ್ನಿ. ನಮ್ಮೊಡನೆ ಮಾತಾಡಲು ಮನಸ್ಸಿಲ್ಲದಿದ್ದರೆ 1097 ಸಹಾಯವಾಣಿ ಇದೆ, ಕರೆಗೆ ದುಡ್ಡಿಲ್ಲ. ಬಂದ ದಿನ ಬೈಯದೆ ಕುರ್ಚಿ ಎಳೆದು ಕೊಡಿ.