ತೊಟ್ಟಿಲಲ್ಲಿರುವುದು ಸದ್ಯಕ್ಕೆ ಮೊಗೆಕಾಯಿ

ಫೋಟೊ ಕತ್ತಲೆ ಕತ್ತಲೆ ಬಂದಿದೆ, ಹೊಂದಿಸಿಕೊಳ್ಳಿ. ಶಿರಸಿ ಮನೆಯಲ್ಲಿ ಬೆಳಗಿನಿಂದ ಮಳೆ, ಕರೆಂಟಂತೂ ಇಲ್ಲ. ಜಗುಲಿಯಲ್ಲಿ ಕಾಣುತ್ತಿರುವುದು ಇವರ ಅಜ್ಜಿಯ ಕಾಲದ ಹಲಸಿನ ಮರದ ತೊಟ್ಟಿಲು. ಅಟ್ಟದಿಂದ ಇಳಿಸಿ ಇಲ್ಲಣ ಒರೆಸುವಷ್ಟರಲ್ಲಿ ಇವರ ಅಂಗಿ ಕಪ್ಪಾಗಿದೆ, ನೋಡಿದಿರಲ್ವಾ. ಖಾಲಿ ತೊಟ್ಟಿಲು ತೂಗಬಾರದು ಅಂತ ಅಜ್ಜಿ ಅದರಲ್ಲಿ ಮೊಗೆಕಾಯಿ ಮಲಗಿಸಿದ್ದಾರೆ. ಮೇಲೆ ಹಳೇ ಸೀರೆಯ ತುಂಡು ಬೇರೆ ಹೊದಿಸಿದ್ದಾರೆ!

ಹೌದು, ನಮ್ಮ ಮನೆಗೆ ಕೂಸು ಬರುತ್ತಿದೆ. ಅಡಿಕೆ ಕೊನೆಕೊಯ್ಲು ಶುರುವಾಗುವ ಹೊತ್ತಿಗೆ. ಕೊನೆಗೌಡ ಸಿಗುವ ದಿನವೇ ಕೂಸೂ ಬಂದರೆ ಏನು ಗತಿ ಅಂತ ಮಾವನಿಗೆ ಈಗಲೇ ಚಿಂತೆ. ತಾರೀಕು ಕೇಳಬೇಡಿ, ಇಷ್ಟೇ ಹೇಳುವುದು.

ಕಾರವಾರದ ಗೆಳತಿಯರೇ, ಟಾಗೋರ್ ಬೀಚಿನಲ್ಲಿ ಸಂಜೆ ವಾಕಿಂಗಿಗೆ ನಾನು ಕಾಣದೇ ಇದ್ದದ್ದಕ್ಕೆ ಕಾರಣ ಇದು. ಮಳೆ ಅಂತ ಹೇಳಿದ್ದು ಸುಮ್ನೆ. ತಡವಾಗಿ ಹೇಳಿದಳು ಅಂತ ಬೇಸರ ಮಾಡ್ಕೋಬೇಡಿ. ಮೊದಲು ಎರಡೂ ಮನೆಯ ಹಿರಿಯರಿಗೆ ತಿಳಿಯಲಿ, ಆಮೇಲೆ ಊರಿಗೆ ಅಂತ ಇಬ್ಬರೂ ಮಾತಾಡಿಕೊಂಡಿದ್ದೆವು.

ಸ್ಕ್ಯಾನಿಂಗ್ ಫೋಟೊ ಹಾಕುವುದಿಲ್ಲ. ಎಷ್ಟನೇ ವಾರ, ಯಾವ ಡಾಕ್ಟರು, ಕಾರವಾರವೋ ಹುಬ್ಬಳ್ಳಿಯೋ ಮಣಿಪಾಲವೋ, ರಿಪೋರ್ಟು ಹೇಗಿದೆ, ಇವೆಲ್ಲ ನಮ್ಮಿಬ್ಬರ ಮತ್ತು ಡಾಕ್ಟರ ನಡುವೆಯೇ ಇರಲಿ. ಪ್ರೀತಿಯಿಂದಲೇ ಕೇಳುತ್ತೀರಿ, ಗೊತ್ತು. ಆದರೆ ದೊಡ್ಡಮ್ಮನಿಗೆ ಒಂದು ಹೇಳಿ, ಚಿಕ್ಕಮ್ಮನಿಗೆ ಇನ್ನೊಂದು ಹೇಳಿ, ಸಿದ್ದಾಪುರದ ಅತ್ತೆಯ ಕಿವಿಗೆ ಮೂರನೇದು ಬಿದ್ದರೆ ಆಮೇಲೆ ಸಮಾಧಾನ ಹೇಳುವುದೇ ನನ್ನ ಕೆಲಸವಾಗುತ್ತದೆ. ಹೇಳಲೇಬೇಕಾದ್ದು ಏನಾದರೂ ಇದ್ದರೆ ನಾವೇ ಫೋನ್ ಮಾಡುತ್ತೇವೆ. ಗಂಡೋ ಹೆಣ್ಣೋ ನಮಗೂ ಗೊತ್ತಿಲ್ಲ. ಹುಟ್ಟುವ ಮೊದಲೇ ಪತ್ತೆ ಮಾಡಿಸುವುದು, ಹೇಳುವುದು 1994ರ ಕಾಯ್ದೆಯ ಪ್ರಕಾರ ಅಪರಾಧ. ಹೊಟ್ಟೆ ನೋಡಿ ಭವಿಷ್ಯ ಹೇಳುವವರು ದಯವಿಟ್ಟು ಮೊಗೆಕಾಯಿ ನೋಡಿ ಹೇಳಿ.

ಬಯಕೆ ಏನು ಅಂತ ಮಾತ್ರ ಧಾರಾಳ ಕೇಳಬಹುದು. ಅಪ್ಪೆಹುಳಿ. ಇಂಗು ಒಗ್ಗರಣೆ ಜಾಸ್ತಿ ಇರಬೇಕು, ಲೋಟದಲ್ಲೇ ಕೊಡಬೇಕು. ಇದು ಮದುವೆಗೆ ಮೊದಲಿನಿಂದಲೂ ಇರುವ ಬಯಕೆ ಅಂತ ಇವರು ಪಕ್ಕದಲ್ಲಿ ಕೂತು ಗೊಣಗುತ್ತಿದ್ದಾರೆ. ಈಗ ಯಾರೂ ಬೇಡ ಅನ್ನುವಂತಿಲ್ಲ, ಅಷ್ಟೇ ವ್ಯತ್ಯಾಸ.

ಈ ಫೋಟೊವನ್ನು ಫ್ಯಾಮಿಲಿ ಗ್ರೂಪಿಗೆ ಕಳಿಸಿದರೆ ಅಡ್ಡಿಯಿಲ್ಲ. ಜೊತೆಗೆ ನಿಮ್ಮ ಕಡೆಯಿಂದ ವಿವರ ಸೇರಿಸಬೇಡಿ. ಹಿರಿಯರು ಆಶೀರ್ವಾದ ಮಾಡಿ, ಉಳಿದವರು ಖುಷಿಪಡಿ. ಸೀಮಂತದ ದಿನ ನಿಕ್ಕಿಯಾದ ಮೇಲೆ ಕರೆಯುತ್ತೇವೆ. ಅಲ್ಲಿವರೆಗೆ ನೋಡಲು ಬರುವವರು ಒಂದು ಫೋನ್ ಮಾಡಿ ಬನ್ನಿ, ಮಧ್ಯಾಹ್ನ ನಾನು ಮಲಗಿರುತ್ತೇನೆ. ತೊಡದೇವು ತರುವುದಾದರೆ ಎರಡು ಪ್ಯಾಕೆಟ್ ತನ್ನಿ. ಒಂದು ಮಾವನೇ ಖಾಲಿ ಮಾಡುತ್ತಾರೆ.