ಏಳನೆಯ ಸೇರಿನ ನಂತರ

ಬಸವನಗುಡಿಯ ನಮ್ಮ ಹಳೆಯ ಮನೆಯಲ್ಲಿ, ಕಡೆಯ ಕಾರ್ತಿಕ ಸೋಮವಾರದ ಹಿಂದಿನ ರಾತ್ರಿ ಯಾರೂ ನಡುಮನೆಯಲ್ಲಿ ಮಲಗುತ್ತಿರಲಿಲ್ಲ. ಹೊರಗೆ ಬುಲ್ ಟೆಂಪಲ್ ರಸ್ತೆಯ ಉದ್ದಕ್ಕೂ ಪರಿಷೆಯ ಕಡಲೆಕಾಯಿ ರಾಶಿ ಬಿದ್ದಿರುತ್ತಿತ್ತು. ಒಳಗೆ ಅಜ್ಜ ಹಿತ್ತಾಳೆಯ ಸೇರು, ಒಂದು ಮೊರ ಮತ್ತು ಕಡಲೆಕಾಯಿ ತುಂಬಿದ ಗೋಣಿಚೀಲವನ್ನು ಕೆಂಪು ಗಾರೆ ನೆಲದ ಮೇಲಿಟ್ಟು, ದೀಪ ಆರಿಸಿ, ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕುತ್ತಿದ್ದರು. ನಡುರಾತ್ರಿ ಕಳೆದ ಮೇಲೆ ಒಳಗಿನಿಂದ ಅಳೆಯುವ ಸದ್ದು ಕೇಳಿಸುತ್ತಿತ್ತು. ಕಾಯಿಗಳು ಮೊರಕ್ಕೆ ಬೀಳುವ ಒಣ ಸದ್ದು, ಅದರ ಹಿಂದೆಯೇ ಹೆಂಗಸಿನ ಸಣ್ಣ ಧ್ವನಿ: ‘ಲಾಭ… ಎರಡು… ಮೂರು…’ ಒಂದು ಎನ್ನುವುದರ ಬದಲು ಲಾಭ ಎನ್ನುವುದು ಅಳೆಯುವವರ ರೂಢಿ. ಎಣಿಕೆ ಏಳಕ್ಕೆ ನಿಲ್ಲುತ್ತಿತ್ತು. ಆಮೇಲೆ ಬೆಳಗಿನವರೆಗೂ ಮೌನ.

ಅಜ್ಜ ಹೋದದ್ದು ಕಳೆದ ವರ್ಷ. ಈ ವರ್ಷ ಮನೆ ಮಾರಾಟವಾಯಿತು. ಗುರುವಾರ ಕೆಡವುವ ಯಂತ್ರ ಬರುವುದಿತ್ತು. ಆ ಭಾನುವಾರ ಮನೆಯಲ್ಲಿ ಉಳಿದಿದ್ದವರು ನಾನು ಮತ್ತು ದೊಡ್ಡತ್ತೆ ಮಾತ್ರ.

“ಚೀಲ ತಂದಿದ್ದೀಯೇನೋ?” ಎಂದು ಅತ್ತೆ ಕೇಳಿದರು.

“ತಂದಿದ್ದೇನೆ ಅತ್ತೆ. ಆದರೆ ಇದೇನೆಂದು ಇವತ್ತಾದರೂ ಹೇಳಿ.”

ಅವರು ಜಗುಲಿಯ ಕಂಬಕ್ಕೆ ಒರಗಿ, ಬಹಳ ಹೊತ್ತು ಬೀದಿಯ ದೀಪಗಳನ್ನೇ ನೋಡುತ್ತಿದ್ದು, ನಿಧಾನವಾಗಿ ಹೇಳಿದರು. ಅಜ್ಜನಿಗೆ ಐದು ವರ್ಷವಾಗಿದ್ದಾಗ ವಿಷಮಶೀತಜ್ವರ ಬಂದು, ಇಪ್ಪತ್ತೊಂದು ದಿನ ಮಗು ಕಣ್ಣು ಬಿಟ್ಟಿರಲಿಲ್ಲ. ಮಗು ಉಳಿದರೆ ದೊಡ್ಡ ಬಸವಣ್ಣನಿಗೆ ಒಂಬತ್ತು ಸೇರು ಕಡಲೆಕಾಯಿ ಒಪ್ಪಿಸುವುದಾಗಿ ಮುತ್ತಜ್ಜಿ ಹರಕೆ ಹೊತ್ತರು. ಮಗು ಉಳಿಯಿತು. ಪರಿಷೆಯ ಹಿಂದಿನ ರಾತ್ರಿ ನಡುಮನೆಯಲ್ಲಿ ಕುಳಿತು ಅಳೆಯುತ್ತಿದ್ದ ಮುತ್ತಜ್ಜಿ, ಏಳನೆಯ ಸೇರನ್ನು ಮೊರಕ್ಕೆ ಸುರಿದು, ಹಾಗೆಯೇ ಪಕ್ಕಕ್ಕೆ ವಾಲಿಬಿಟ್ಟರು. ಆ ಮಗು ಅವರ ಸೆರಗು ಹಿಡಿದುಕೊಂಡೇ ಮಲಗಿತ್ತು.

“ಹರಕೆ ಹೊತ್ತವರು ತೀರಿಸದೆ ಹೋದರೆ ಹೊಸ್ತಿಲು ದಾಟಲಾರರು. ಯಾರಿಗಾಗಿ ಹೊತ್ತರೋ ಅವರು ತೀರಿಸಬೇಕು, ಅವರೂ ತೀರಿಸದಿದ್ದರೆ ಇಬ್ಬರೂ ಇಲ್ಲೇ ಉಳಿಯುತ್ತಾರೆ ಎನ್ನುತ್ತಿದ್ದರು ಹಿರಿಯರು,” ಎಂದರು ಅತ್ತೆ. “ಅಣ್ಣನಿಗೆ ಇದು ಗೊತ್ತಿರಲಿಲ್ಲವೇ? ಎರಡೇ ಸೇರು ಬಾಕಿ ಇತ್ತು. ಒಂದು ಸಲ ನಾನು ಜಗಳವಾಡಿ ಕೇಳಿದೆ. ‘ಅಳೆದು ಮುಗಿಸಿದರೆ ಅಮ್ಮ ಹೊರಟುಹೋಗುತ್ತಾಳಲ್ಲೇ’ ಅಂದುಬಿಟ್ಟರು.”

ತಂದೆಯನ್ನು ಅವರು ಅಣ್ಣ ಎಂದೇ ಕರೆಯುತ್ತಿದ್ದರು. ವರ್ಷಕ್ಕೊಂದು ರಾತ್ರಿ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು, ಮೊಣಕಾಲು ತಬ್ಬಿ ಕೂರುತ್ತಿದ್ದ ಅಜ್ಜನ ನೆನಪಾಯಿತು. ಅವರು ಕಾವಲಿಗೆ ಕುಳಿತಿದ್ದಾರೆಂದೇ ನಾನು ಇಷ್ಟು ವರ್ಷ ತಿಳಿದಿದ್ದೆ.

ಆ ರಾತ್ರಿ ನಾನು ಚಿಲಕ ಹಾಕಲಿಲ್ಲ, ನಡುಮನೆಯೊಳಗೇ ಕುಳಿತೆ. ಸಾಮಾನುಗಳೆಲ್ಲ ಹೋದ ಮೇಲೆ ಆ ಕೋಣೆ ವಿಪರೀತ ದೊಡ್ಡದಾಗಿ ಕಾಣುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಚೀಲದ ಬಾಯಿ ತಾನಾಗಿ ಸಡಿಲಿತು. ಸೇರು ಮೇಲೆದ್ದದ್ದು ನನಗೆ ಕಾಣಲಿಲ್ಲ. ಕಾಯಿಗಳು ಮೊರಕ್ಕೆ ಬಿದ್ದದ್ದು ಮಾತ್ರ ಕೇಳಿಸಿತು. ಹಸಿ ಮಣ್ಣಿನ ವಾಸನೆ ಕೋಣೆಯನ್ನೆಲ್ಲ ತುಂಬಿತು. ‘ಲಾಭ.’ ನನ್ನ ಬಾಯಿ ಒಣಗಿತು. ‘ಐದು… ಆರು… ಏಳು.’

ಮೌನ ಕವಿಯಿತು. ನಾನು ತೆವಳಿಕೊಂಡು ಹೋಗಿ ಸೇರನ್ನು ಮುಟ್ಟಿದೆ. ಅದರ ಅಂಚು ಬೆಚ್ಚಗಿತ್ತು, ಈಗಷ್ಟೇ ಯಾರೋ ಕೈಬಿಟ್ಟ ಹಾಗೆ. ತುಂಬಿಸಿ ಸುರಿದು, “ಎಂಟು” ಎಂದೆ. ಕತ್ತಲಲ್ಲಿ ಯಾರೋ ಉಸಿರು ಬಿಗಿಹಿಡಿದಂತಾಯಿತು. ಮತ್ತೆ ತುಂಬಿಸಿದೆ, ಆದರೆ ಸುರಿಯಲು ಆಗಲಿಲ್ಲ. ಮಣಿಕಟ್ಟನ್ನು ಯಾರೋ ಹಿಡಿದಿದ್ದರು. ಕೈ ತಣ್ಣಗಿತ್ತು, ಜೀವ ಹೋದರೂ ಬಿಡೆನೆಂಬ ಹಿಡಿತ. ಅದರ ಬೆರಳುಗಳು ಮಾತ್ರ ನನ್ನ ಮಣಿಕಟ್ಟಿನ ಅರ್ಧ ಸುತ್ತಿಗೂ ಸಾಲದಷ್ಟು ಚಿಕ್ಕವು.

“ಅಜ್ಜಾ,” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಹಿಡಿತ ಇನ್ನೂ ಬಿಗಿಯಾಯಿತು. ಆಗ ಮೊರದ ಆಚೆಯಿಂದ, ಅಷ್ಟು ವರ್ಷ ಎಣಿಕೆಯ ಹೊರತು ಬೇರೇನನ್ನೂ ಆಡದ ಧ್ವನಿ ನುಡಿಯಿತು:

“ಬಿಡು ಮಗು. ನೀನೂ ಬಾ.”

ಕಿರುಬೆರಳು ಮೊದಲು ಸಡಿಲಿತು, ಆಮೇಲೆ ಅದರ ಪಕ್ಕದ್ದು. ಕೊನೆಯದಾಗಿ ಹೆಬ್ಬೆರಳು ಬಿಟ್ಟ ಮೇಲೆ ನಾನು ಸೇರನ್ನು ಬಗ್ಗಿಸಿ, ಒಂಬತ್ತು ಎಂದೆ. ಹೊರಬಾಗಿಲು ತೆರೆದ ಸದ್ದಾಯಿತು. ಜಗುಲಿಯಲ್ಲಿದ್ದ ಅತ್ತೆ ಎದ್ದು ನಿಂತು, ಯಾರಿಗೋ ದಾರಿ ಬಿಡುವವರಂತೆ ಸೆರಗು ಎಳೆದುಕೊಂಡು ಗೋಡೆಯ ಕಡೆಗೆ ಸರಿದರು.